ಮೇಷ್ಟರಿಗೆ ಬರೆಯುವ ಕಾಗದ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಮ್ಮ ಮೇಷ್ಟರ ಹೆಂಡತಿ, ನಾವೆಲ್ಲ ಅಮ್ಮ ಎಂದೇ ಕರೆಯುತ್ತಿದ್ದವರು, ತೀರಿಕೊಂಡರೆಂದು ನೀನು ತಿಳಿಸಿದಾಗ ಫೋನಿನಲ್ಲಿ ನನಗೆ ಹೆಚ್ಚು ಮಾತನಾಡಲಾಗಲಿಲ್ಲ. ಮೇಷ್ಟರಿಗೆ ಕಳುಹಿಸಬೇಕೆಂದು ನೀನು ಬರೆದಿಟ್ಟ ಕಾಗದದ ಫೋಟೋ ಆಮೇಲೆ ಬಂತು. ಸರಿಯಾಗಿದೆಯೇ ನೋಡು ಎಂದು ಕೇಳಿದ್ದೀಯೆ. ಎರಡು ಮೂರು ಬಾರಿ ಓದಿದೆ. ವ್ಯಾಕರಣದಲ್ಲಿ, ಗೌರವದಲ್ಲಿ ಯಾವ ಕುಂದೂ ಇಲ್ಲ. ಆದರೆ ಅದರಲ್ಲಿ ಅಮ್ಮ ಎಲ್ಲಿಯೂ ಕಾಣಲಿಲ್ಲ.

‘ತಮ್ಮ ಧರ್ಮಪತ್ನಿಯವರ ಅಕಾಲಿಕ ನಿಧನದ ವಾರ್ತೆ ತಿಳಿದು ದಿಗ್ಭ್ರಮೆಯಾಯಿತು. ಅವರ ಅಗಲಿಕೆ ತುಂಬಲಾರದ ನಷ್ಟ. ಮೃತರ ಆತ್ಮಕ್ಕೆ ಚಿರಶಾಂತಿ ದೊರೆಯಲಿ, ದುಃಖ ಭರಿಸುವ ಶಕ್ತಿಯನ್ನು ಭಗವಂತ ತಮಗೆ ಕರುಣಿಸಲಿ’ ಎಂದು ಬರೆದಿದ್ದೀಯೆ. ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ದಿನವೂ ಇದೇ ಇರುತ್ತದೆ. ಅಮ್ಮ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಗಂಜಿ ಕಾಯಿಸಿದ್ದು, ಮಗ್ಗುಲು ಬದಲಿಸಿದ್ದು, ಮಾತ್ರೆಯ ವೇಳೆಗೆ ಅಲಾರಾಂ ಇಟ್ಟುಕೊಂಡು ಎದ್ದದ್ದು ಎಲ್ಲವೂ ಮೇಷ್ಟರೇ. ಅವರ ಮುಂದೆ ‘ಅಕಾಲಿಕ’, ‘ದಿಗ್ಭ್ರಮೆ’ ಎಂದರೆ ಆ ಎರಡು ವರ್ಷಗಳನ್ನು ನಾವು ನೋಡಿಯೇ ಇಲ್ಲ ಎಂದಂತಾಗುತ್ತದೆ. ಅಷ್ಟು ದಿನ ಆರೈಕೆ ಮಾಡಿದವರ ಮನಸ್ಸಿನಲ್ಲಿ ‘ನಾನು ಇನ್ನೂ ಏನಾದರೂ ಮಾಡಬಹುದಿತ್ತೇ’ ಎಂಬ ಪ್ರಶ್ನೆ ಸುಳಿಯದೆ ಇರುವುದಿಲ್ಲ. ಅವರು ನೋಡಿಕೊಂಡದ್ದನ್ನು ನೀನು ಕಣ್ಣಾರೆ ಕಂಡಿದ್ದೀಯೆ. ಅದನ್ನೇ ಒಂದು ಸಾಲಿನಲ್ಲಿ ಬರೆ.

ಭಗವಂತನ ಮಾತನ್ನು ಬಿಡು ಎನ್ನುವುದಕ್ಕೂ ಕಾರಣವಿದೆ. ನಂಬುವ ಮನೆಯಲ್ಲಿ ಆ ಸಾಲು ನಿಜವಾದ ಆಸರೆ. ಲಿಂಗಾಯತರ ಮನೆಗೆ ಬರೆಯುವಾಗ ಲಿಂಗೈಕ್ಯ ಎಂದೋ ಶಿವೈಕ್ಯ ಎಂದೋ ಬರೆಯುತ್ತೇವೆ, ವೈಷ್ಣವರ ಮನೆಗಾದರೆ ವೈಕುಂಠದ ಮಾತು ಬರುತ್ತದೆ. ಆಯಾ ಮನೆಯ ನಂಬಿಕೆಯ ಮಾತೇ ಆ ಮನೆಗೆ ಹಿತ. ನಮ್ಮ ಮೇಷ್ಟರು ಊದುಬತ್ತಿಯನ್ನೂ ಹಚ್ಚಿದವರಲ್ಲ. ಅಮ್ಮ ದೇವರ ಮುಂದೆ ದೀಪ ಹಚ್ಚುತ್ತಿದ್ದರೆ ಇವರು ಜಗಲಿಯಲ್ಲಿ ನಮಗೆ ಬೀಜಗಣಿತ ಹೇಳಿಕೊಡುತ್ತಿದ್ದರು. ಅಂಥವರಿಗೆ ಬರೆಯುವ ಕಾಗದದಲ್ಲಿ ಆತ್ಮದ ವಿಚಾರ ಬೇಡ.

ಹಾಗಾದರೆ ಏನು ಬರೆಯಬೇಕು? ಬಾವಿಯ ಸಂಗತಿ ಬರೆ. ಎಸ್‌ಎಸ್‌ಎಲ್‌ಸಿ ವರ್ಷ ಸಂಜೆ ಪಾಠದ ನಡುವೆ ಅಮ್ಮ ಒಳಗಿನಿಂದ ‘ಒಂದು ಕೊಡ ನೀರು ಸೇದಿಕೊಡು ಬಾರಪ್ಪ’ ಎಂದು ನಿನ್ನನ್ನೇ ಕರೆಯುತ್ತಿದ್ದರು. ಮೇಷ್ಟರಿಗೆ ಸಿಟ್ಟು ಬರುತ್ತಿತ್ತು. ‘ಲೆಕ್ಕದ ಮಧ್ಯೆ ಆ ಹುಡುಗನನ್ನು ಯಾಕೆ ಎಬ್ಬಿಸುತ್ತೀಯೆ’ ಎಂದು ನಮ್ಮೆದುರೇ ಗದರುತ್ತಿದ್ದರು. ಅಮ್ಮ ಉತ್ತರ ಕೊಟ್ಟದ್ದನ್ನು ನಾನು ಕೇಳಲಿಲ್ಲ. ಹೊಲದಿಂದ ನೇರವಾಗಿ ಬರುತ್ತಿದ್ದ ನಿನಗೆ ಹಿತ್ತಿಲಿನಲ್ಲಿ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಕೊಟ್ಟು, ಬಾಯಿ ತೊಳೆಸಿ ಕಳುಹಿಸುತ್ತಿದ್ದರೆಂದು ನೀನು ನನಗೆ ಹೇಳಿದ್ದು ಎಷ್ಟೋ ವರ್ಷಗಳ ಮೇಲೆ. ಹಸಿದಿದ್ದೀಯೆ ಎಂಬುದು ಉಳಿದ ಹುಡುಗರಿಗೆ ಗೊತ್ತಾಗಬಾರದೆಂದು ನೀರಿನ ನೆವ.

ಮೇಷ್ಟರಿಗೆ ಇದು ಇಂದಿಗೂ ಗೊತ್ತಿರಲಿಕ್ಕಿಲ್ಲ. ಅಮ್ಮನ ವಿಷಯದಲ್ಲಿ ಅವರಿಗೆ ತಿಳಿಯದ ಸಂಗತಿಯನ್ನು ಈಗ ಕೊಡಬಲ್ಲವರು ನಮ್ಮಂಥ ಹುಡುಗರು ಮಾತ್ರ. ಸಂಗಾತಿ ಹೋದ ಮೇಲೆ ಆಕೆಯ ಬಗ್ಗೆ ಹೊಸದೇನೂ ತಿಳಿಯುವುದಿಲ್ಲ ಎಂದುಕೊಂಡು ಕುಳಿತ ಮನುಷ್ಯನಿಗೆ ಅದು ಎಷ್ಟು ದೊಡ್ಡದೆಂದು ಯೋಚಿಸು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ. ಇದನ್ನು ನಿನ್ನ ಮಾತಿಗೆ ತಿರುಗಿಸಿಕೋ:

‘ಗುರುಗಳೇ, ಅಮ್ಮ ತೀರಿಕೊಂಡ ವಿಷಯ ಮಂಗಳವಾರ ತಿಳಿಯಿತು. ಅವರನ್ನು ನೆನೆಯುತ್ತಲೇ ಇದ್ದೇನೆ. ನಿಮಗೆ ತಿಳಿಯದ ಒಂದು ಮಾತು ಹೇಳಬೇಕು. ಸಂಜೆ ಪಾಠದ ನಡುವೆ ಅಮ್ಮ ನೀರು ಸೇದಲು ನನ್ನನ್ನು ಕರೆಯುತ್ತಿದ್ದದ್ದು ನಿಮಗೆ ನೆನಪಿರಬಹುದು. ನೀರು ಬೇಕಾಗಿರಲಿಲ್ಲ. ನಾನು ಮಧ್ಯಾಹ್ನ ಉಂಡಿರುವುದಿಲ್ಲವೆಂದು ಅವರಿಗೆ ಹೇಗೋ ಗೊತ್ತಾಗಿತ್ತು. ಹಿತ್ತಿಲಿನಲ್ಲಿ ಕೂರಿಸಿ ರೊಟ್ಟಿ ಕೊಡುತ್ತಿದ್ದರು. ಯಾರಿಗೂ ಹೇಳಬೇಡ ಎಂದಿದ್ದರು, ಇಷ್ಟು ದಿನ ಹೇಳಲಿಲ್ಲ. ಈ ಎರಡು ವರ್ಷ ನೀವು ಅವರನ್ನು ನೋಡಿಕೊಂಡದ್ದನ್ನು ನಾನು ಬಂದಾಗಲೆಲ್ಲ ಕಂಡಿದ್ದೇನೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಮರಣ ನೋಂದಣಿ ಇನ್ನೂ ಆಗಿರದಿದ್ದರೆ ಪುರಸಭೆಗೆ ನಾನೇ ಓಡಾಡುತ್ತೇನೆ. ಈ ಕಾಗದಕ್ಕೆ ಉತ್ತರ ಬರೆಯುವ ಶ್ರಮ ಬೇಡ. ನಿಮ್ಮ ವಿದ್ಯಾರ್ಥಿ.’

ಇಷ್ಟು ಸಾಕು. ಒಂದು ಪುಟ ದಾಟಬಾರದು. ‘ಏನಾದರೂ ಬೇಕಿದ್ದರೆ ತಿಳಿಸಿ’ ಎಂದು ನೀನು ಕೊನೆಯಲ್ಲಿ ಬರೆದಿದ್ದೀಯಲ್ಲ, ಮೇಷ್ಟರು ಯಾವತ್ತೂ ತಿಳಿಸುವವರಲ್ಲ. ಅದಕ್ಕೇ ದಿನವನ್ನೂ ಕೆಲಸವನ್ನೂ ನೀನೇ ಹೆಸರಿಸಬೇಕು. ಸಾವು ಮನೆಯಲ್ಲೇ ಆದದ್ದರಿಂದ ನೋಂದಣಿಯನ್ನು ಆಸ್ಪತ್ರೆಯವರು ಮಾಡಿಸಿರುವುದಿಲ್ಲ. ಮನೆಯವರೇ 21 ದಿನಗಳೊಳಗೆ ತಿಳಿಸಬೇಕು. ತಡವಾದರೆ ದಂಡ, ಅರ್ಜಿ, ಅನುಮತಿ ಎಂದು ಅಲೆಯಬೇಕಾಗುತ್ತದೆ. ಬ್ಯಾಂಕಿನ ಜಂಟಿ ಖಾತೆಗೂ ಪಡಿತರ ಚೀಟಿಗೂ ಆ ಪ್ರಮಾಣಪತ್ರ ಬೇಕು. ಮಗಳು ಪುಣೆಯಿಂದ ಬಂದಿದ್ದಾಳೆ, ಅವಳಿಗೆ ಊರಿನ ಕಚೇರಿಗಳ ಪರಿಚಯವಿಲ್ಲ.

ನಿನ್ನ ಕಾಗದದ ಎರಡನೆಯ ಭಾಗವನ್ನು ಪೂರ್ತಿ ತೆಗೆದುಬಿಡು. ‘ನಿಮ್ಮ ಆಶೀರ್ವಾದದಿಂದಲೇ ನಾವೆಲ್ಲ ಈ ಮಟ್ಟಕ್ಕೆ ಬಂದೆವು’ ಎನ್ನುವುದು ಸತ್ಯವೇ, ಆದರೆ ಅದನ್ನು ಶಿಕ್ಷಕರ ದಿನಾಚರಣೆಗೆ ಇಟ್ಟುಕೊಳ್ಳೋಣ. ನಿನ್ನ ತಾಯಿಯ ಸಾವಿನ ಪ್ರಸ್ತಾಪವೂ ಬೇಡ. ನಿನ್ನ ನೋವು ನನಗೆ ಗೊತ್ತು. ಅದನ್ನು ಓದಿದರೆ ಮೇಷ್ಟರು ತಮ್ಮದನ್ನು ಬದಿಗಿಟ್ಟು ನಿನ್ನನ್ನು ಸಮಾಧಾನಪಡಿಸಲು ಕೂರುತ್ತಾರೆ.

ಕಾಗದದ ತಲೆಯಲ್ಲಿ ರೂಢಿಯಂತೆ ‘ಶ್ರೀ’, ‘ಕ್ಷೇಮ’ ಬರೆದಿದ್ದೀಯೆ. ಸಾವಿನ ಕಾಗದಕ್ಕೆ ಅವನ್ನು ಬರೆಯುವುದಿಲ್ಲ. ಹಿಂದೆ ಸಾವಿನ ಸುದ್ದಿ ಹೊತ್ತ ಕಾರ್ಡು ಬಂದರೆ ನಮ್ಮ ಅಜ್ಜ ಹೊಸ್ತಿಲ ಹೊರಗೇ ಓದಿ ಹರಿದು ಹಾಕುತ್ತಿದ್ದರು. ಮೇಷ್ಟರು ಅಂಥ ಪದ್ಧತಿಗಳನ್ನು ಎಣಿಸುವವರಲ್ಲ, ಆದರೂ ಆ ಜಾಗ ಖಾಲಿ ಇರಲಿ. ‘ತಮ್ಮ’, ‘ತಮಗೆ’ ಎಂದೂ ಬೇಡ. ಜೀವಮಾನವಿಡೀ ‘ನೀವು’ ಎಂದು ಮಾತನಾಡಿಸಿದವರಿಗೆ ಈಗ ದೂರ ನಿಂತು ಬರೆಯುವುದು ಏಕೆ? ಪೊರೆಯ ಶಸ್ತ್ರಚಿಕಿತ್ಸೆಯ ಮೇಲೂ ಅವರಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ನೀಲಿ ಶಾಯಿಯಲ್ಲಿ, ಸಾಲು ಬಿಟ್ಟು, ದಪ್ಪವಾಗಿ ಬರೆ. ವಾಟ್ಸಾಪ್‌ನಲ್ಲಿ ಕಳುಹಿಸಬೇಡ. ನಮ್ಮ ಬ್ಯಾಚಿನ ಗುಂಪಿನಲ್ಲಿ ಒಬ್ಬರು ಹಾಕಿದ ‘ಓಂ ಶಾಂತಿ’ಯನ್ನೇ ಉಳಿದವರೆಲ್ಲ ನಕಲು ಮಾಡಿ ಹಾಕಿದ್ದಾರೆ, ಅದರ ನಡುವೆ ಬಾವಿಯ ಸಂಗತಿ ಕಳೆದುಹೋಗಬಾರದು.

ಅಂಚೆಗೂ ಹಾಕಬೇಡ, ಒಂದೇ ಊರಿನಲ್ಲಿ ಇದ್ದೀಯೆ. ನಾಳೆಯೇ ಹೋಗಿ ಮಗಳ ಕೈಗೆ ಕೊಟ್ಟು ಬಾ. ಮನೆ ತುಂಬ ನೆಂಟರಿರುವಾಗ ಅವರೆದುರು ನಿಂತು ಓದಿಸುವುದು ಬೇಡ, ಬಿಡುವಾದಾಗ ಅವರೊಬ್ಬರೇ ಓದಿಕೊಳ್ಳಲಿ. ಹೊರಡುವಾಗ ‘ಹೋಗಿ ಬರುತ್ತೇನೆ’ ಎನ್ನದೆ ಸುಮ್ಮನೆ ಕೈಮುಗಿದು ಹೊರಡು. ಆ ಮನೆಯಲ್ಲಿ ಈಗ ನಂಬುವ ಹಿರಿಯರೂ ಇದ್ದಾರೆ.

ಹನ್ನೊಂದನೆಯ ದಿನ ಕಳೆದರೆ ನೆಂಟರು ಹೊರಡುತ್ತಾರೆ, ಮಗಳೂ ಹೆಚ್ಚು ದಿನ ಇರಲಾರಳು. ನಾನು ಬೇಕೆಂದೇ ಅದರ ನಂತರದ ಭಾನುವಾರ ರಜೆ ಹಾಕಿಕೊಂಡು ಬರುತ್ತಿದ್ದೇನೆ. ಬೆಳಗಿನ ರೈಲು ಒಂಬತ್ತರ ಹೊತ್ತಿಗೆ ತಲುಪುತ್ತದೆ. ನೀನು ನಿಲ್ದಾಣಕ್ಕೆ ಬಾ, ಇಬ್ಬರೂ ಮೇಷ್ಟರ ಮನೆಗೆ ಹೋಗಿ ಮಧ್ಯಾಹ್ನದವರೆಗೆ ಅವರ ಜೊತೆ ಇದ್ದು ಬರೋಣ.

ನಿನ್ನ,
ಹಿಂದಿನ ಬೆಂಚಿನ ಗೆಳೆಯ