ಏಳನೇ ತರಗತಿಯ ಗುಂಪಿನಲ್ಲಿ ನಡೆದದ್ದು ಮತ್ತು ವಾಟ್ಸ್‌ಆ್ಯಪ್ ಪಿನ್ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರಿಗೆ,

ಸಪ್ರೇಮ ನಮಸ್ಕಾರಗಳು.

ಕಳೆದ ವಾರ ಏಳನೇ ತರಗತಿಯ ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಬ್ಬ ತಾಯಿಯ ಸಂಖ್ಯೆಯಿಂದ ಒಂದು ಸಂದೇಶ ಬಂತು: "ಮಗನನ್ನು ಜಮಖಂಡಿಯ ದವಾಖಾನೆಗೆ ಸೇರಿಸಿದ್ದೇವೆ. ತುರ್ತಾಗಿ 3,500 ರೂಪಾಯಿ ಬೇಕು. ಸಂಜೆ ಮರಳಿ ಕೊಡುತ್ತೇನೆ." ಓದಿದ ಇಬ್ಬರು ಪೋಷಕರು ಹಿಂದೆಮುಂದೆ ನೋಡದೆ ಹಣ ಕಳುಹಿಸಿದರು. ಅದೇ ಹೊತ್ತಿಗೆ ಆ ಹುಡುಗ ನಮ್ಮ ಶಾಲೆಯ ಪಡಸಾಲೆಯಲ್ಲಿ ತಟ್ಟೆ ಹಿಡಿದುಕೊಂಡು ಬಿಸಿಯೂಟದ ಸಾಲಿನಲ್ಲಿ ನಿಂತಿದ್ದ.

ಆ ತಾಯಿಯ ಬಗ್ಗೆ ಊರಿನಲ್ಲಿ ಆಡುತ್ತಿರುವ ಮಾತುಗಳು ನನ್ನ ಕಿವಿಗೂ ಬಿದ್ದಿವೆ. ಅವರು ಯಾರಿಗೂ ಮೋಸ ಮಾಡಿಲ್ಲ. ಆ ಸಂದೇಶವನ್ನು ಅವರು ಬರೆದೇ ಇಲ್ಲ. ನಡೆದದ್ದೇನೆಂದು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಅವರ ಮನೆಯ ವ್ಯವಸ್ಥೆಯೇ ನಿಮ್ಮಲ್ಲಿ ಅರ್ಧದಷ್ಟು ಮನೆಗಳಲ್ಲಿ ಇರುವುದರಿಂದ ದಯವಿಟ್ಟು ಪೂರ್ತಿ ಓದಿ.

ಅವರ ಪತಿ ಗೋವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾರೆ. ಶಾಲೆಗೆ ಕೊಟ್ಟಿರುವ ಸಂಖ್ಯೆಯ ಸಿಮ್ ಅವರ ಬಳಿ, ಒಂದು ಸಣ್ಣ ಕೀಪ್ಯಾಡ್ ಫೋನಿನಲ್ಲಿದೆ. ಅದೇ ಸಂಖ್ಯೆಯ ವಾಟ್ಸ್‌ಆ್ಯಪ್ ಮಾತ್ರ ಇಲ್ಲಿ ಮನೆಯ ದೊಡ್ಡ ಫೋನಿನಲ್ಲಿದೆ. ಆ ದಿನ ಬೆಳಿಗ್ಗೆ ಪರಿಚಯದ ಇನ್ನೊಬ್ಬ ಹೆಣ್ಣುಮಗಳ ಸಂಖ್ಯೆಯಿಂದ ಈ ತಾಯಿಗೆ ಸಂದೇಶ ಬಂದಿದೆ: "ಅಕ್ಕಾ, ನನಗೆ ಬರಬೇಕಾದ ಕೋಡ್ ತಪ್ಪಿ ನಿಮ್ಮ ನಂಬರಿಗೆ ಬಂದಿದೆ, ಸ್ವಲ್ಪ ಹೇಳಿ." ಕೇಳಿದವರು ಗುರುತಿನವರು, ಕೇಳಿದ್ದು ಸಣ್ಣ ಉಪಕಾರ. ಇವರು ಪತಿಗೆ ಫೋನ್ ಮಾಡಿದರು. ಅವರು ಕೆಲಸದ ನಡುವೆಯೇ ಎಸ್‌ಎಂಎಸ್ ತೆರೆದು ಆರು ಅಂಕಿಗಳನ್ನು ಓದಿ ಹೇಳಿದರು. ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ ಆ ಎಸ್‌ಎಂಎಸ್‌ನಲ್ಲೇ ಇತ್ತು, ಆದರೆ ಇಂಗ್ಲಿಷಿನಲ್ಲಿತ್ತು.

ಸ್ವಲ್ಪ ಹೊತ್ತಿನಲ್ಲೇ ಮನೆಯ ಫೋನಿನ ವಾಟ್ಸ್‌ಆ್ಯಪ್, ಈ ಸಂಖ್ಯೆ ಇನ್ನು ಈ ಫೋನಿನಲ್ಲಿ ನೋಂದಣಿಯಾಗಿಲ್ಲ ಎಂದು ತೋರಿಸಿ ಹೊರಬಿತ್ತು. ಕೋಡ್ ಕೇಳಿದ ಆ ಹೆಣ್ಣುಮಗಳ ಖಾತೆಯೂ ಅದಾಗಲೇ ಕಳ್ಳನ ಕೈಸೇರಿತ್ತು. ಒಬ್ಬರ ಖಾತೆ ಹಿಡಿದು ಅವರ ಪರಿಚಯದವರನ್ನು ಹಿಡಿಯುವುದು ಈ ಕಳ್ಳತನದ ರೀತಿ. ಹಳೆಯ ಮಾತುಕತೆಗಳು ಕಳ್ಳನಿಗೆ ಸಿಗುವುದಿಲ್ಲ, ಅವು ನಿಮ್ಮ ಫೋನಿನಲ್ಲೇ ಉಳಿಯುತ್ತವೆ. ಆದರೆ ನೀವಿರುವ ಗುಂಪುಗಳು ಮತ್ತು ಅವುಗಳಲ್ಲಿರುವ ಎಲ್ಲರ ಸಂಖ್ಯೆಗಳು ಅವನಿಗೆ ಕಾಣುತ್ತವೆ. ನಮ್ಮ ಶಾಲೆಯ ಗುಂಪು ಅವನಿಗೆ ಸಿಕ್ಕಿದ್ದು ಹಾಗೆ.

ಇಲ್ಲಿ ತಿಳಿಯಬೇಕಾದ ವಿಷಯವೊಂದಿದೆ. ವಾಟ್ಸ್‌ಆ್ಯಪ್‌ನಲ್ಲಿ ಆರು ಅಂಕಿಯ ಸಂಖ್ಯೆಗಳು ಎರಡು. ಮೊದಲನೆಯದು ನೋಂದಣಿ ಕೋಡ್. ಯಾರಾದರೂ ತಮ್ಮ ಫೋನಿನಲ್ಲಿ ನಿಮ್ಮ ಮೊಬೈಲ್ ಸಂಖ್ಯೆಯನ್ನು ಬರೆದರೆ ಸಾಕು, ಆ ಕೋಡ್ ನಿಮ್ಮ ಸಿಮ್‌ಗೆ ಎಸ್‌ಎಂಎಸ್ ಆಗಿ ಬರುತ್ತದೆ, ಇಲ್ಲವೇ ಕರೆಯ ಮೂಲಕ ಧ್ವನಿಯಲ್ಲಿ ಬರುತ್ತದೆ. ನೀವು ಕೇಳದೆಯೇ ಅದು ಬಂದಿದೆ ಎಂದರೆ ಯಾರೋ ನಿಮ್ಮ ಬಾಗಿಲು ತಟ್ಟುತ್ತಿರಬಹುದು. ಯಾರೋ ತಮ್ಮ ಸಂಖ್ಯೆಯ ಬದಲು ತಪ್ಪಿ ನಿಮ್ಮ ಸಂಖ್ಯೆಯನ್ನು ಬರೆದಿರಲೂಬಹುದು, ಆದರೂ ಆ ಕೋಡನ್ನು ಯಾರಿಗೂ ಹೇಳಬೇಡಿ. ಎರಡನೆಯದು ನೀವೇ ಇಟ್ಟುಕೊಳ್ಳುವ ಪಿನ್. ಇದು ಯಾವ ಎಸ್‌ಎಂಎಸ್‌ನಲ್ಲೂ ಬರುವುದಿಲ್ಲ. ಪಿನ್ ಇಟ್ಟಿದ್ದರೆ, ಹೊಸ ಫೋನಿನಲ್ಲಿ ಕೋಡ್ ಹಾಕಿದ ಮೇಲೂ ವಾಟ್ಸ್‌ಆ್ಯಪ್ ಪಿನ್ ಕೇಳುತ್ತದೆ. ಕೋಡ್ ತಿಳಿದರೂ ಪಿನ್ ತಿಳಿಯದವನು ಅಲ್ಲಿಯೇ ನಿಲ್ಲುತ್ತಾನೆ.

ಆ ಮನೆಯಲ್ಲಿ ಪಿನ್ ಇರಲಿಲ್ಲ. ಆದ್ದರಿಂದ ಕಳ್ಳನೇ ತನ್ನ ಪಿನ್ ಹಾಕಿಕೊಂಡ. ಸಂಜೆ ನಮ್ಮ ಗಣಿತ ಶಿಕ್ಷಕರು ಆ ತಾಯಿಯ ಜೊತೆ ಕುಳಿತು ಸಂಖ್ಯೆಯನ್ನು ಮತ್ತೆ ನೋಂದಾಯಿಸಿದರು. ಗೋವಾದಿಂದ ಹೊಸ ಕೋಡ್ ಕೇಳಿ ಪಡೆದು ಹಾಕಿದ ಕೂಡಲೇ ಕಳ್ಳ ಹೊರಬಿದ್ದ. ಆದರೆ ಪರದೆಯ ಮೇಲೆ ಪಿನ್ ಕೇಳುವ ಪುಟ ಬಂತು. ಅದು ಕಳ್ಳನ ಪಿನ್, ಇವರಿಗೆ ತಿಳಿಯದು. ಹೀಗಾದಾಗ ಪಿನ್ ಇಲ್ಲದೆ ಒಳಗೆ ಬರಲು 7 ದಿನ ಕಾಯಬೇಕು. ಆ ಏಳು ದಿನ ಅವರಿಗೆ ವಾಟ್ಸ್‌ಆ್ಯಪ್ ಇಲ್ಲ. ಮೊಬೈಲ್ ಅಂಗಡಿಯವರು ಹೊಸ ಸಿಮ್ ಕೊಳ್ಳಿ ಎಂದು ಹೇಳಿದ್ದರಂತೆ, ಅದರ ಅಗತ್ಯ ಇರಲಿಲ್ಲ. ಕಾದರೆ ಖಾತೆ ಮರಳಿ ಸಿಗುತ್ತದೆ.

ಈಗ ಪಿನ್ ಹಾಕುವ ವಿಧಾನ. ವಾಟ್ಸ್‌ಆ್ಯಪ್ ತೆರೆದು Settings ಗೆ ಹೋಗಿ. ಆಂಡ್ರಾಯ್ಡ್ ಫೋನಿನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿದರೆ ಅದು ಸಿಗುತ್ತದೆ. ಅಲ್ಲಿ Account, ಅದರೊಳಗೆ Two-step verification. Turn on ಅಥವಾ Set up PIN ಎಂಬುದನ್ನು ಒತ್ತಿ, ಆರು ಅಂಕಿಗಳನ್ನು ಬರೆದು, ಮತ್ತೊಮ್ಮೆ ಅದನ್ನೇ ಬರೆಯಿರಿ. ಫೋನನ್ನು ಕನ್ನಡದಲ್ಲಿ ಇಟ್ಟುಕೊಂಡವರಿಗೂ ಕ್ರಮ ಇದೇ, ಹೆಸರುಗಳಷ್ಟೇ ಕನ್ನಡದಲ್ಲಿರುತ್ತವೆ. ಎರಡು ನಿಮಿಷದ ಕೆಲಸ. ಸಿಮ್ ಗೋವಾದಲ್ಲಿದ್ದರೂ, ಪುಣೆಯಲ್ಲಿದ್ದರೂ ಚಿಂತೆಯಿಲ್ಲ. ವಾಟ್ಸ್‌ಆ್ಯಪ್ ಇರುವ ಫೋನ್ ಕೈಯಲ್ಲಿದ್ದರೆ ಸಾಕು.

ಯಾವ ಸಂಖ್ಯೆ ಇಡಬೇಕು? ಮೊನ್ನೆ ಶಾಲೆಗೆ ಬಂದಿದ್ದ ಕೆಲವು ಪೋಷಕರಿಗೆ "ಪಿನ್ ಹಾಕಿ" ಎಂದಾಗ ಮೂವರು 587301 ಎಂದು ಬರೆದರು. ಪಿನ್ ಎಂದ ಕೂಡಲೇ ಅಂಚೆಯ ಪಿನ್‌ಕೋಡ್ ನೆನಪಾಗುವುದು ಸಹಜ, ಅದಕ್ಕೂ ಆರೇ ಅಂಕಿಗಳು. ಆದರೆ ಜಮಖಂಡಿಯ ಪಿನ್‌ಕೋಡ್ ಯಾರಿಗೆ ಬೇಕಾದರೂ ತಿಳಿಯುತ್ತದೆ. 123456 ಬೇಡ. ಮಗುವಿನ ಜನ್ಮದಿನಾಂಕವೂ ಬೇಡ. ಹಣ ಕಳುಹಿಸುವಾಗ ಹಾಕುವ ಯುಪಿಐ ಪಿನ್ ಅಂತೂ ಬೇಡವೇ ಬೇಡ. ಇದು ಬೇರೆಯದೇ ಸಂಖ್ಯೆಯಾಗಿರಲಿ. ಮರೆಯುವ ಭಯವಿದ್ದರೆ ಕಾಗದದಲ್ಲಿ ಬರೆದು, ಪಡಿತರ ಚೀಟಿ ಇಡುವ ಕಡೆ ಇಡಿ. ಫೋನಿನ ಕವರ್ ಒಳಗೆ ಇಡಬೇಡಿ. ವಾಟ್ಸ್‌ಆ್ಯಪ್ ಆಗಾಗ ತಾನೇ ಪಿನ್ ಕೇಳುತ್ತದೆ. ನೀವು ಮರೆಯದಿರಲೆಂದು ಅದು ಹಾಗೆ ಮಾಡುತ್ತದೆ, ಗಾಬರಿಯಾಗಬೇಡಿ. ಆದರೆ ಫೋನ್ ಕರೆ ಮಾಡಿಯೋ ಸಂದೇಶ ಕಳುಹಿಸಿಯೋ ಪಿನ್ ಕೇಳಿದವರು ಯಾರೇ ಆಗಿರಲಿ, ಹೇಳಬೇಡಿ. ನಮ್ಮ ಶಿಕ್ಷಕರ ಹೆಸರಿನಲ್ಲಿ ಕೇಳಿದರೂ ಹೇಳಬೇಡಿ.

ಪಿನ್ ಹಾಕಿದ ಮೇಲೆ ಇ-ಮೇಲ್ ವಿಳಾಸ ಕೇಳುತ್ತದೆ. ಇದನ್ನು ಬಿಡಬಹುದು, ಆದರೆ ಕೊಡುವುದು ಒಳ್ಳೆಯದು. ಪಿನ್ ಮರೆತರೆ ಇ-ಮೇಲ್ ಮೂಲಕ ಹೊಸದನ್ನು ಇಟ್ಟುಕೊಳ್ಳಬಹುದು, ಇಲ್ಲವಾದರೆ ನಿಮ್ಮದೇ ಖಾತೆಗೆ ನೀವೇ 7 ದಿನ ಕಾಯಬೇಕಾಗುತ್ತದೆ. ನಮ್ಮ ಕಡೆ ಒಂದು ಅಪಾಯವಿದೆ. ಎಷ್ಟೋ ಜನರ ಇ-ಮೇಲ್ ತೆರೆದುಕೊಟ್ಟವರು ಅಂಗಡಿಯವರು, ಅದರ ಪಾಸ್‌ವರ್ಡ್ ಕೂಡ ಅವರಿಗೇ ಗೊತ್ತು. ಅಂಥ ವಿಳಾಸ ಕೊಡುವುದಕ್ಕಿಂತ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಗ ಅಥವಾ ಮಗಳು ಇದ್ದರೆ ಅವರ ವಿಳಾಸ ಕೊಡಿ. ನೀವು ಕೇಳದೆ ಪಿನ್ ಬದಲಿಸುವ ಕೊಂಡಿಯುಳ್ಳ ಇ-ಮೇಲ್ ಬಂದರೆ ಅದನ್ನು ಒತ್ತಬೇಡಿ.

ಪಿನ್ ಹಾಕಿದ ಮೇಲೂ ಮನೆಯಲ್ಲಿ ಯಾರಾದರೂ ಎಸ್‌ಎಂಎಸ್ ಕೋಡನ್ನು ಹೇಳಿಬಿಟ್ಟರೆ? ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ಹೊರಬೀಳಬಹುದು. ಆದರೆ ಕಳ್ಳ ಒಳಗೆ ಹೋಗಲಾರ. ಈಗ ಏಳು ದಿನ ಕಾಯಬೇಕಾದವನು ಅವನು. ಆ ದಿನವೇ ನಿಮ್ಮ ಸಂಖ್ಯೆಯನ್ನು ಮತ್ತೆ ನೋಂದಾಯಿಸಿ, ಹೊಸ ಕೋಡ್ ಹಾಕಿ, ನಿಮ್ಮ ಪಿನ್ ಹಾಕಿ. ಹಬ್ಬ ಮುಗಿಯಲಿ, ಮುಂದಿನ ವಾರ ನೋಡೋಣ ಎಂದು ಬಿಡಬೇಡಿ.

ಈ ಪಿನ್ ತಡೆಯಲಾಗದ ದಾರಿಯೊಂದಿದೆ, ಅದನ್ನು ಮುಚ್ಚಿಡಲಾರೆ. ವಾಟ್ಸ್‌ಆ್ಯಪ್ ಅನ್ನು ಕಂಪ್ಯೂಟರ್‌ಗೂ ಜೋಡಿಸಬಹುದು. ಕ್ಯೂಆರ್ ಚಿತ್ರವನ್ನು ನಿಮ್ಮ ಫೋನಿನಿಂದ ಸ್ಕ್ಯಾನ್ ಮಾಡಿಸಿಯೋ, ಅವರು ಕೊಟ್ಟ ಎಂಟು ಅಕ್ಷರಗಳ ಕೋಡನ್ನು ನಿಮ್ಮ ಫೋನಿನಲ್ಲಿ ಬರೆಯಿಸಿಯೋ ಒಬ್ಬರು ಹಾಗೆ ಜೋಡಿಸಿಕೊಂಡರೆ ಪಿನ್ ಕೇಳುವುದೇ ಇಲ್ಲ. ನಿಮ್ಮ ಫೋನಿನಲ್ಲಿ ವಾಟ್ಸ್‌ಆ್ಯಪ್ ಎಂದಿನಂತೆ ನಡೆಯುತ್ತಿರುತ್ತದೆ, ಆದ್ದರಿಂದ ಅನುಮಾನವೂ ಬರುವುದಿಲ್ಲ. Linked devices ಎಂಬಲ್ಲಿ ನೋಡಿ. ನಿಮ್ಮದಲ್ಲದ ಯಂತ್ರ ಕಂಡರೆ ಅದರ ಮೇಲೆ ಒತ್ತಿ Log out ಮಾಡಿ. ಅರ್ಜಿ ತುಂಬಿಸಲು ಅಂಗಡಿಯಲ್ಲಿ ಫೋನ್ ಕೊಟ್ಟು ಬಂದವರು ಇಂದೇ ಒಮ್ಮೆ ನೋಡಿ.

ಟೆಲಿಗ್ರಾಮ್ ಬಳಸುವವರು Privacy and Security ಒಳಗಿನ Two-Step Verification ನಲ್ಲಿ ಪಾಸ್‌ವರ್ಡ್ ಇಡಬೇಕು. ಸಿಗ್ನಲ್‌ನಲ್ಲಿ Account ಒಳಗೆ Registration Lock ಎಂಬುದನ್ನು ಬೇರೆಯಾಗಿ ಚಾಲೂ ಮಾಡಬೇಕು. ಅಲ್ಲಿ ಪಿನ್ ಇದ್ದರೂ ಆ ಬೀಗ ತಾನಾಗಿ ಬೀಳುವುದಿಲ್ಲ.

ಹಣ ಕಳುಹಿಸಿದ ಇಬ್ಬರು ಪೋಷಕರು 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಿದ್ದಾರೆ. ಇಂಥ ದೂರಿಗೆ ಇರುವ ಸಹಾಯವಾಣಿ ಅದೇ. ಕರೆ ಎಷ್ಟು ಬೇಗ ಹೋಗುತ್ತದೋ ಹಣವನ್ನು ದಾರಿಯಲ್ಲಿ ತಡೆಯುವ ಸಾಧ್ಯತೆ ಅಷ್ಟು ಹೆಚ್ಚು. ಇನ್ನು ಮುಂದೆ ಗುಂಪಿನಲ್ಲಿ ಯಾರೇ ಹಣ ಕೇಳಿದರೂ ಮೊದಲು ಅವರಿಗೆ ಸಾಮಾನ್ಯ ಕರೆ ಮಾಡಿ ಧ್ವನಿ ಕೇಳಿ. ವಾಟ್ಸ್‌ಆ್ಯಪ್ ಕರೆ ಬೇಡ, ಅದು ಕಳ್ಳನ ಕೈಗೇ ಹೋಗುತ್ತದೆ. ಮಗು ಶಾಲೆಗೆ ಬಂದಿದೆಯೇ ಎಂದು ಶಾಲೆಗೆ ಫೋನ್ ಮಾಡಿ ಕೇಳಿದರೆ ನಾವು ತಕ್ಷಣ ಹೇಳುತ್ತೇವೆ.

ಬರುವ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಏಳನೇ ತರಗತಿಯ ಕೋಣೆಯಲ್ಲಿ ನಾನು ಮತ್ತು ನಮ್ಮ ಗಣಿತ ಶಿಕ್ಷಕರು ಇರುತ್ತೇವೆ. ವಾಟ್ಸ್‌ಆ್ಯಪ್ ಇರುವ ಫೋನ್ ತನ್ನಿ. ದಾರಿ ತೋರಿಸುತ್ತೇವೆ, ಆದರೆ ಅಂಕಿಗಳನ್ನು ನೀವೇ ಒತ್ತಬೇಕು, ಆ ಹೊತ್ತಿಗೆ ನಾವು ಮುಖ ತಿರುಗಿಸಿ ನಿಲ್ಲುತ್ತೇವೆ. ಕಬ್ಬಿನ ಕೆಲಸಕ್ಕೆ ಹೋಗುವವರು ಸಂಜೆ ಆರರ ಮೇಲೆ ಬಂದರೂ ಸರಿ.

ಪತ್ರದ ಕೊನೆಯ ಚೀಟಿಯಲ್ಲಿ ಮಗುವಿನ ಹೆಸರು ಬರೆದು, ಪಿನ್ ಹಾಕಿದ್ದರೆ "ಆಯಿತು" ಎಂದು ಬರೆದು ಸಹಿ ಮಾಡಿ ಮಗುವಿನ ಕೈಯಲ್ಲಿ ಕಳುಹಿಸಿ. ಕಳೆದ ಸಲದ ಚೀಟಿಯಲ್ಲಿ ಇಬ್ಬರು ಪಿನ್ ಸಂಖ್ಯೆಯನ್ನೇ ಬರೆದು ಕಳುಹಿಸಿದ್ದರು. ಆ ಚೀಟಿಗಳನ್ನು ಹರಿದುಹಾಕಿದ್ದೇನೆ. ಅವರಿಬ್ಬರೂ ಅದೇ Two-step verification ಪುಟದಲ್ಲಿ Change PIN ಒತ್ತಿ ಸಂಖ್ಯೆಯನ್ನು ಬದಲಿಸಿಕೊಳ್ಳಬೇಕು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ