ಅಂಕಿ ಬದಲಿಸುವ ಮುನ್ನ ಸೊನ್ನೆಯನ್ನು ನೋಡಿ

ಮಾನ್ಯ ಸದಸ್ಯರೇ,

ಸ್ಮರಣ ಸಂಚಿಕೆಗೆ ಬೇರೆ ಬೇರೆ ಕಡೆಯಿಂದ ತಂದು ಅಂಟಿಸಿದ ಲೇಖನಗಳಲ್ಲಿ ‘೧೯56ರ ನವೆ೦ಬರ್ 1ರಂದು ,ಮೈಸೂರು ರಾಜ್ಯ’ ಎಂಬಂಥ ಸಾಲುಗಳಿವೆ. ನಾವು ಎಲ್ಲೆಡೆ 1956 ಎಂಬ ರೂಪವನ್ನೇ ಇಡೋಣ. ಆದರೆ ಕನ್ನಡ ಅಂಕಿಗಳನ್ನು ನೇರವಾಗಿ ಬದಲಿಸಬೇಡಿ. ಮೇಲಿನ ‘ನವೆ೦ಬರ್’ನಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಆದರೂ, ಬದಲಿಸಿದ ಮೇಲೆ ಅದು ‘ನವೆ0ಬರ್’ ಆಗಿಬಿಡುತ್ತದೆ. ಕಳೆದ ಬಾರಿ ನಾನೇ ಹೀಗೆ ಮಾಡಿ ಇಡೀ ಲೇಖನವನ್ನು ಮತ್ತೆ ತಿದ್ದಬೇಕಾಯಿತು.

ಲಿಬ್ರೆ ಆಫೀಸ್ ರೈಟರ್‌ನ Find and Replace ಕಿಟಕಿಯಲ್ಲಿ Regular expressions ಆಯ್ದು, ಅಕ್ಷರದ ಬೆನ್ನಿಗೇ ಬಂದ ಸೊನ್ನೆಯನ್ನು ಮೊದಲು ಹುಡುಕಿ:

```
([\u0C85-\u0CCC])\u0CE6
```

ಬದಲಿಯಾಗಿ `$1ಂ` ಕೊಡಿ. ‘೨ಂ೧೩’ರಂತೆ ಅಂಕಿಗಳ ನಡುವೆ ಅನುಸ್ವಾರ ನುಸುಳಿರುವುದೂ ಉಂಟು, ಅದನ್ನು ಹೀಗೆ ಹುಡುಕಿ, ಇನ್ನೊಂದೂ ಸಿಗದಿರುವವರೆಗೆ ಮತ್ತೆ ಮತ್ತೆ `$1೦` ಹಾಕಿ:

```
([0-9೦-೯])ಂ
```

ಆಮೇಲೆ ೦ಯಿಂದ ೯ರವರೆಗೆ ಒಂದೊಂದಾಗಿ ಬದಲಿಸಿದರೆ ಅಪಾಯವಿಲ್ಲ.

ಅಲ್ಪವಿರಾಮದ ಹಿಂದಿನ ತೆರಪನ್ನು ತೆಗೆದು ಮುಂದೆ ಒಂದು ತೆರಪು ಕೊಡಿ. ಆದರೆ 1,25,000 ಒಡೆಯದಂತೆ, ಮುಂದೆ ಅಕ್ಷರವಿರುವಲ್ಲಿ ಮಾತ್ರ.

ಪಿಡಿಎಫ್‌ನಿಂದ ಬಂದ ಪಠ್ಯದಲ್ಲಿ ಪ್ರತಿ ಸಾಲೂ ಒಂದು ಪ್ಯಾರಾ ಆಗಿರುತ್ತದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನಿಜವಾದ ಪ್ಯಾರಾ ಮುಗಿಯುವಲ್ಲಿ ಗುರುತು ಹಾಕಿದ ನಂತರವೇ ಸಾಲುಗಳನ್ನು ಕೂಡಿಸಿ. ಪದ್ಯಗಳನ್ನು ಮುಟ್ಟಬೇಡಿ.