ನಲವತ್ತು ವರ್ಷದ ಉದ್ರಿ ಪುಸ್ತಕ

ಅಪ್ಪಯ್ಯ ತೀರ್ಥಹಳ್ಳಿ ಪೇಟೆಯಲ್ಲಿ ಈ ಅಂಗಡಿ ತೆರೆದದ್ದು 1985ರ ಮೇ ತಿಂಗಳಲ್ಲಿ. ಮೊದಲ ದಿನ ಅಂಗಡಿಯಲ್ಲಿ ಇದ್ದದ್ದು ಮೈಲುತುತ್ತ, ಸುಣ್ಣ, ರಾಳ, ಒಂದಿಷ್ಟು ಹಗ್ಗ, ಒಂದು ತಕ್ಕಡಿ. 2025ರ ಮೇಗೆ ನಲವತ್ತು ವರ್ಷ ತುಂಬಿತು. ಈಗ ಪೈಪು, ಪಂಪು, ದೋಟಿ, ಗೊಬ್ಬರ ಎಲ್ಲ ಸೇರಿಕೊಂಡಿದೆ. ಆದರೂ ಮಳೆ ಹಿಡಿಯುವ ಮುಂಚಿನ ಹದಿನೈದು ದಿನ ನೀವೆಲ್ಲ ಬರುವುದು ಅದೇ ತುತ್ತಕ್ಕೆ, ಅದೇ ಸುಣ್ಣಕ್ಕೆ.

ಧನ್ಯವಾದ ಹೇಳೋಣ ಅಂತ ಕೂತರೆ ಮೊದಲು ಕೈಗೆ ಬಂದದ್ದು ಉದ್ರಿ ಪುಸ್ತಕ. ಅಡಿಕೆ ಊರಿನ ಅಂಗಡಿ ನಡೆಯುವುದೇ ಹೀಗೆ ಅಲ್ವಾ? ಮೇ ಕೊನೆಗೆ ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಗೆ ಅಂತ ತುತ್ತ, ಸುಣ್ಣ ಒಯ್ಯುತ್ತೀರಿ. ಮಳೆ ಬಿಡುವು ಕೊಟ್ಟರೆ ನಲವತ್ತು, ನಲವತ್ತೈದು ದಿನಕ್ಕೆ ಎರಡನೇ ಸಲ ಹೊಡೆಯಲು ಮತ್ತೆ ಒಯ್ಯುತ್ತೀರಿ. ಗೊನೆ ಇಳಿಸಿ, ಸುಲಿದು, ಬೇಯಿಸಿ, ಒಣಗಿಸಿ, ಶಿವಮೊಗ್ಗದ ಮಂಡಿಯಲ್ಲಿ ಮಾರಿ ದುಡ್ಡು ಕೈಗೆ ಬರುವಾಗ ಚಳಿಗಾಲ. ಎಳ್ಳಮಾವಾಸ್ಯೆ ಜಾತ್ರೆಗೆ ಬಂದವರು ಹೊಳೆಯಲ್ಲಿ ಮಿಂದು, ಹಾಗೇ ಅಂಗಡಿಗೆ ಬಂದು ಲೆಕ್ಕ ತೀರಿಸಿ ಹೋಗುತ್ತೀರಿ. ಅಪ್ಪಯ್ಯ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯುತ್ತಿದ್ದರು. ನಾನೂ ಕೆಂಪು ಶಾಯಿಯನ್ನೇ ಇಟ್ಟುಕೊಂಡಿದ್ದೇನೆ.

2016ರ ನವೆಂಬರಿನಲ್ಲಿ ನೋಟು ನಿಂತಾಗ ಕೊಯ್ಲು ಜೋರಾಗಿ ನಡೆದಿತ್ತು. ಆ ವರ್ಷದ ಗೆರೆಗಳೆಲ್ಲ ಬಿದ್ದದ್ದು ಮುಂದಿನ ಯುಗಾದಿ ಹೊತ್ತಿಗೆ. ಆದರೆ ಬಿದ್ದವು. 2020ರಲ್ಲಿ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿದ್ದೆವು. ನೀವು ಚೀಟಿಯಲ್ಲಿ ಬರೆದುಕೊಟ್ಟು ದೂರ ನಿಲ್ಲುತ್ತಿದ್ದಿರಿ. 2022ರಲ್ಲಿ ಎಲೆಚುಕ್ಕಿ ರೋಗ ಬಂದಾಗ ಅಡಿಕೆ ಸೋಗೆಯ ತುಂಡನ್ನು ಕವರಿನಲ್ಲಿ ತಂದು ತೋರಿಸಿದಿರಿ. ನಮಗೆ ಗೊತ್ತಿಲ್ಲ, ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ ಅಂದೆವು. ಆಮೇಲೆ ನೀವೇ ತಿರುಗಿ ಬಂದು, ಅವರು ಏನು ಹೇಳಿದರು ಅಂತ ನಮಗೆ ತಿಳಿಸಿದಿರಿ.

ಇಷ್ಟು ವರ್ಷದಲ್ಲಿ ಬಿಡಿಸಿ ಹೇಳಬೇಕಾದ್ದು ಒಂದೇ, 2018ರ ಮಳೆಗಾಲ. ಅದರಲ್ಲಿ ತಪ್ಪು ನಮ್ಮದು.

ಆ ವರ್ಷ ಮಳೆ ಬಿಡುವನ್ನೇ ಕೊಡಲಿಲ್ಲ, ನಿಮಗೆ ನೆನಪಿರುತ್ತದೆ. ಎರಡನೇ ಔಷಧಿ ಹೊಡೆಯಲಾಗದೆ ಎಲ್ಲರ ತೋಟದಲ್ಲೂ ಕೊಳೆ ಶುರುವಾಗಿತ್ತು. ಜುಲೈಯಲ್ಲಿ ಒಂದು ಬೆಳಿಗ್ಗೆ ಸ್ವಲ್ಪ ಬಿಸಿಲು ಬಂತು. ಮಧ್ಯಾಹ್ನದೊಳಗೆ ಅಂಗಡಿ ತುಂಬಿತು. ಆ ಗಡಿಬಿಡಿಯಲ್ಲಿ ಹಿಂದಿನ ಕೋಣೆಯಲ್ಲಿದ್ದ ಒಂದು ಸುಣ್ಣದ ಮೂಟೆ ಒಡೆದು ತೂಗಿ ಕೊಟ್ಟೆವು. ಮೂಟೆಯ ಬಾಯಿ ಬಿಚ್ಚಿಯೇ ಇತ್ತು, ಮೇಲೆ ಹೆಂಚು ಸೋರುತ್ತಿತ್ತು. ಗಟ್ಟಿಯಾಗಿ ಇರಬೇಕಾದ ಸುಟ್ಟ ಸುಣ್ಣ ಅರ್ಧಕ್ಕರ್ಧ ಪುಡಿಯಾಗಿತ್ತು. ಅದನ್ನು ನೋಡಿಯೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಮರುದಿನ ಆಗುಂಬೆ ಕಡೆಯ ಹಿರಿಯರೊಬ್ಬರು ಬಂದರು. ಅಂಗಡಿಯಲ್ಲಿ ಎಂಟು ಹತ್ತು ಜನ ಇದ್ದರು. ಅವರ ಮುಂದೆ ಏನೂ ಹೇಳದೆ ನನ್ನನ್ನು ಪಕ್ಕಕ್ಕೆ ಕರೆದು, ಪಂಚೆ ಮಡಿಕೆಯಿಂದ ಒಂದು ಹಳೇ ಕಬ್ಬಿಣದ ಚಾಕು ತೆಗೆದರು. ಅಲಗಿನ ಅರ್ಧ ತಾಮ್ರದ ಕೆಂಪು. "ನಿನ್ನ ಸುಣ್ಣ ಸತ್ತಿದೆ ಮಾರಾಯ" ಅಂದರು.

ಅವರು ಮಾಡಿದ ಕ್ರಮದಲ್ಲಿ ಏನೂ ತಪ್ಪಿರಲಿಲ್ಲ. ಇನ್ನೂರು ಲೀಟರಿನ ಲೆಕ್ಕ. ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ನೂರು ಲೀಟರ್ ನೀರು, ಅದರಲ್ಲಿ ಎರಡು ಕೆ.ಜಿ. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯೇ ಇಳಿಬಿಟ್ಟಿದ್ದರು. ಇನ್ನೊಂದರಲ್ಲಿ ಎರಡು ಕೆ.ಜಿ. ಸುಣ್ಣ ಅರಳಿಸಿ, ಸೋಸಿ, ನೂರು ಲೀಟರ್ ಮಾಡಿದ್ದರು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕೋಲಿನಲ್ಲಿ ತಿರುವಿದ್ದರು. ಬಣ್ಣ ನೋಡಲು ಚೆನ್ನಾಗಿಯೇ ನೀಲಿ ಬಂದಿತ್ತು. ಕೊನೆಗಾರ ಪಂಪಿಗೆ ಕೈ ಹಾಕಿಯೂ ಆಗಿತ್ತು. ಇವರು ಮಾತ್ರ ರೂಢಿಯಂತೆ ಚಾಕು ಅದ್ದಿ ಒಂದೆರಡು ನಿಮಿಷ ಬಿಟ್ಟು ನೋಡಿದ್ದಾರೆ. ಸುಣ್ಣ ಸಾಕಷ್ಟಿದ್ದರೆ ಚಾಕು ಹೇಗಿತ್ತೋ ಹಾಗೇ ಬರುತ್ತದೆ. ಕಡಿಮೆಯಾದರೆ ನೀರಿನಲ್ಲಿ ಉಳಿದ ತಾಮ್ರ ಕಬ್ಬಿಣಕ್ಕೆ ಹತ್ತುತ್ತದೆ. ಅದೇ ನೀರು ಗೊನೆಗೆ ಬಿದ್ದರೆ ಎಳೆ ಕಾಯಿ ಸುಡುತ್ತದೆ. ಕೊಳೆ ತಡೆಯಲು ಹೊಡೆದ ಔಷಧಿಯೇ ಕಾಯಿ ಉದುರಿಸಿದ ಹಾಗೆ. ಅರ್ಧ ಕೆ.ಜಿ. ಸುಣ್ಣ ಮತ್ತೆ ಹಾಕಿದರಂತೆ, ಚಾಕು ಕೆಂಪೇ. ಇನ್ನೂ ಅರ್ಧ ಹಾಕಿದ ಮೇಲೆ ಸ್ವಚ್ಛ ಬಂತು. ಎರಡು ಕೆ.ಜಿ. ಮಾಡಬೇಕಾದ ಕೆಲಸಕ್ಕೆ ನಮ್ಮ ಸುಣ್ಣ ಮೂರು ಕೆ.ಜಿ. ಬೇಕಾಯಿತು.

ನಾನು ಆ ಮೂಟೆಯ ಒಂದು ಹಿಡಿ ತೆಗೆದು ನೀರಿಗೆ ಹಾಕಿದೆ. ಒಳ್ಳೇ ಸುಣ್ಣವಾದರೆ ಸುಯ್ ಅಂತ ಕುದಿದು ಪಾತ್ರೆ ಬಿಸಿಯಾಗಬೇಕು. ಇದು ಹಿಟ್ಟಿನ ಹಾಗೆ ಸುಮ್ನೆ ತಳಕ್ಕೆ ಕೂತಿತು.

ಆಗ ನೆರವಿಗೆ ಬಂದದ್ದು ಉದ್ರಿ ಪುಸ್ತಕ. ಹಿಂದಿನ ದಿನದ ಪುಟ ತೆಗೆದೆವು. ಯಾರು ಎಷ್ಟು ಸುಣ್ಣ ಒಯ್ದರು ಅಂತ ಹೆಸರು, ಊರು ಸಮೇತ ಇತ್ತು. ನಾನು ಫೋನಿಗೆ ಕೂತೆ. ಫೋನು ಸಿಗದ ಕಡೆಗೆ ತಮ್ಮ ಬೈಕಿನಲ್ಲಿ ಹೊಸ ಸುಣ್ಣ ಕಟ್ಟಿಕೊಂಡು ಹೋದ. ಮಳೆ ಆಗಲೇ ಮತ್ತೆ ಹಿಡಿದಿತ್ತು, ಹಾಗಾಗಿ ಹೆಚ್ಚಿನವರು ಇನ್ನೂ ಔಷಧಿ ಕೂಡಿಸಿರಲಿಲ್ಲ. ಮಳೆಗೆ ನಾನು ಕೈಮುಗಿದದ್ದು ಆ ವರ್ಷ ಅದೊಂದೇ ಸಲ. ಇಬ್ಬರು ಹೊಡೆದಾಗಿತ್ತು. ಅವರ ತೋಟಕ್ಕೆ ನಾನೇ ಹೋದೆ. ಒಬ್ಬರಿಗೆ ಏನೂ ಆಗಿರಲಿಲ್ಲ. ಇನ್ನೊಬ್ಬರ ತೋಟದಲ್ಲಿ ಎಳೆ ಕಾಯಿಗಳ ಮೈ ಕಂದಿತ್ತು, ಬುಡದಲ್ಲಿ ಒಂದಷ್ಟು ಉದುರಿತ್ತು. ಅವರು ಬೈಯಬಹುದಿತ್ತು. ಬೈದರು ಕೂಡ, ಸುಳ್ಳು ಯಾಕೆ ಹೇಳಲಿ. ಬೈದು ಮುಗಿಸಿ ಕಾಫಿ ಕೊಟ್ಟರು. ಆ ವರ್ಷದ ಅವರ ಔಷಧಿ ಲೆಕ್ಕವನ್ನು ನಾವು ಹೊಡೆದು ಹಾಕಿದೆವು. ಮುಂದಿನ ಮೇ ತಿಂಗಳಿಗೆ ಅವರು ಮತ್ತೆ ನಮ್ಮ ಅಂಗಡಿಗೇ ಬಂದರು. ಅವತ್ತು ನನಗೆ ಸರಿಯಾಗಿ ತೂಗಲೂ ಬರಲಿಲ್ಲ.

ಚಾಕು ತಂದ ಹಿರಿಯರು ಈಗ ಇಲ್ಲ. ಅವರ ಮಗ ಬರುತ್ತಾರೆ. ಚಾಕುವನ್ನು ಅವರು ಅವತ್ತೇ ನಮ್ಮಲ್ಲಿ ಬಿಟ್ಟು ಹೋದರು, ಗಲ್ಲಾದ ಮೇಲೆ ಮೊಳೆಗೆ ತೂಗುಹಾಕಿದೆ. ಆಮೇಲಿನ ಪ್ರತಿ ಮಳೆಗಾಲ ಬಾಗಿಲ ಪಕ್ಕ ಒಂದು ಬಕೆಟ್ ನೀರು ಇಡುತ್ತೇವೆ. ತೂಗಿಸಿಕೊಳ್ಳುವ ಮುಂಚೆ ಒಂದು ಚೂರು ಸುಣ್ಣ ಹಾಕಿ ನೋಡುವವರು ನೋಡಬಹುದು. ಕೆಲವರು ನಗುತ್ತಾರೆ, ಮಕ್ಕಳಿಗೆ ಮಜಾ.

ನಲವತ್ತು ವರ್ಷ ಈ ಬಾಗಿಲಿಗೆ ಬಂದಿರಿ. ನಮ್ಮ ತೂಕ ನಂಬಿದಿರಿ. ತಪ್ಪಿದಾಗ ಕರೆದು ಹೇಳಿದಿರಿ. ಅಪ್ಪಯ್ಯನ ಪರವಾಗಿ, ಮನೆಯವರೆಲ್ಲರ ಪರವಾಗಿ, ನಿಮಗೆ ನಮಸ್ಕಾರ.

ಇನ್ನೊಂದು ಮಾತು ಉಳಿದಿದೆ. ಅವತ್ತು ಆ ಮೂಟೆಯಿಂದ ಸುಣ್ಣ ಒಯ್ದವರಲ್ಲಿ ಮೂರ್ನಾಲ್ಕು ಜನ ನಗದು ಕೊಟ್ಟಿದ್ದರು. ನಗದಿನವರ ಹೆಸರು ಪುಸ್ತಕದಲ್ಲಿ ಇರುವುದಿಲ್ಲ. ಎಷ್ಟು ವಿಚಾರಿಸಿದರೂ ಒಬ್ಬರೇ ಸಿಕ್ಕಿದ್ದು. ಉಳಿದವರು ನೀವೇ ಆಗಿದ್ದರೆ, ಪೇಟೆಗೆ ಬಂದಾಗ ಒಮ್ಮೆ ಒಳಗೆ ಬನ್ನಿ. ನಿಮ್ಮ ದುಡ್ಡು ಆ ವರ್ಷದ ಉದ್ರಿ ಪುಸ್ತಕದ ಕೊನೆ ಪುಟದಲ್ಲಿ, ಲಕೋಟೆಯಲ್ಲಿ ಹಾಗೇ ಇದೆ.